ರೋಸೆಟ್ ಲೆಕ್ಕದಲ್ಲಿ ಗರಿಷ್ಠ ಸ್ಟ್ರೇನ್ ಸಿಲಿಂಡರಿನ ಉದ್ದಕ್ಕೆ ಬರುತ್ತಿದೆ, ಸುತ್ತಳತೆಗೆ ಬರಬೇಕಿತ್ತಲ್ಲವೇ?

ಪರೀಕ್ಷಾರ್ಥಿ

ಎಲ್ಲರಿಗೂ ನಮಸ್ಕಾರ. ಎರಡೂ ತುದಿ ಮುಚ್ಚಿರುವ ಒಂದು ಉಕ್ಕಿನ ಸಿಲಿಂಡರಿನ ಹೊರಮೈಗೆ, ಬೆಸುಗೆಗಳಿಂದ ಸಾಕಷ್ಟು ದೂರದಲ್ಲಿ, 45 ಡಿಗ್ರಿಯ ಮೂರು ಗೇಜ್ ರೋಸೆಟ್ ಅಂಟಿಸಿ, ಒಳಗೆ ನೀರು ತುಂಬಿ 4 ಮೆಗಾಪಾಸ್ಕಲ್ ಒತ್ತಡ ಕೊಟ್ಟಿದ್ದೇವೆ. ಸಿಲಿಂಡರಿನ ಒಳ ತ್ರಿಜ್ಯ 150 ಮಿಲಿಮೀಟರ್, ಗೋಡೆಯ ದಪ್ಪ 5 ಮಿಲಿಮೀಟರ್. ಎ ಗೇಜ್ ಅಕ್ಷದ ಉದ್ದಕ್ಕೆ ಇರಬೇಕಿತ್ತು, ಆದರೆ ಸ್ವಲ್ಪ ಓರೆಯಾಗಿ ಕೂತಿದೆ. ಎ ಯಿಂದ ಅಪ್ರದಕ್ಷಿಣವಾಗಿ 45 ಡಿಗ್ರಿಗೆ ಬಿ, 90 ಡಿಗ್ರಿಗೆ ಸಿ ಇವೆ. ಸೊನ್ನೆ ಒತ್ತಡದ ಓದುಗಳನ್ನು ಕಳೆದ ಮೇಲೆ ಎ 137, ಬಿ 394, ಸಿ 493 ಮೈಕ್ರೋಸ್ಟ್ರೇನ್ ಬಂದಿವೆ.

ಸೂತ್ರಕ್ಕೆ ಹಾಕಿದಾಗ ಪ್ರಧಾನ ಸ್ಟ್ರೇನ್‌ಗಳು 510 ಮತ್ತು 120 ಎಂದು ಬಂದವು. ಕೋನ ಮಾತ್ರ ಎ ಗೇಜ್‌ನಿಂದ −12 ಡಿಗ್ರಿ ಎಂದು ಬರುತ್ತಿದೆ. ಅಂದರೆ 510 ಸಿಲಿಂಡರಿನ ಉದ್ದಕ್ಕೆ ಇದೆ ಎಂದಾಗುತ್ತದೆ, ಅದು ಸಾಧ್ಯವಿಲ್ಲ. ಇನ್ನೊಂದು ವಿಷಯ: ಈ ಎರಡನ್ನೂ 200 ಗಿಗಾಪಾಸ್ಕಲ್‌ನಿಂದ ಗುಣಿಸಿದರೆ 102 ಮತ್ತು 24 ಮೆಗಾಪಾಸ್ಕಲ್ ಬರುತ್ತವೆ. ತೆಳುಗೋಡೆಯ ಸೂತ್ರದ ಪ್ರಕಾರ 120 ಮತ್ತು 60 ಬರಬೇಕು. ರೋಸೆಟ್ ಸರಿಯಾಗಿ ಅಂಟಿಲ್ಲವೇ, ಅಥವಾ ಲೆಕ್ಕದಲ್ಲಿ ಏನಾದರೂ ಕೈಬಿಟ್ಟಿದೆಯೇ?

ಮಾಪನಪ್ರಿಯ

ರೋಸೆಟ್ ಚೆನ್ನಾಗಿಯೇ ಅಂಟಿದೆ ಎಂದು ನಿಮ್ಮ ಓದುಗಳೇ ಹೇಳುತ್ತಿವೆ. ಮೊದಲು ಕೋನದ ವಿಷಯ ನೋಡೋಣ.

ಎ ಮತ್ತು ಸಿ ಗಳ ಸರಾಸರಿ 315. ಎ ಈ ಸರಾಸರಿಗಿಂತ 178 ಕಡಿಮೆ, ಬಿ 79 ಹೆಚ್ಚು. 178 ಮತ್ತು 79 ಗಳ ವರ್ಗಗಳನ್ನು ಕೂಡಿ ವರ್ಗಮೂಲ ತೆಗೆದರೆ ಸುಮಾರು 195 ಬರುತ್ತದೆ, ಅದೇ ಮೋರ್ ವೃತ್ತದ ತ್ರಿಜ್ಯ. 315 ಕ್ಕೆ ಅದನ್ನು ಕೂಡಿದರೆ 510, ಕಳೆದರೆ 120. ಇಲ್ಲಿಯವರೆಗೆ ನಿಮ್ಮ ಲೆಕ್ಕ ಸರಿ.

ಕೋನಕ್ಕೆ ನೀವು 158 ನ್ನು −356 ರಿಂದ ಭಾಗಿಸಿ, ಟ್ಯಾನ್ ವಿಲೋಮ ತೆಗೆದು, ಅರ್ಧ ಮಾಡಿದ್ದೀರಿ. ಭಾಗಾಕಾರ ಮಾಡಿದ ಕ್ಷಣದಲ್ಲೇ ಋಣ ಚಿಹ್ನೆ ಮೇಲಿನ ಸಂಖ್ಯೆಯದೋ ಕೆಳಗಿನದೋ ಎಂಬ ಮಾಹಿತಿ ಕಳೆದುಹೋಗುತ್ತದೆ. ಆ ಮೇಲೆ ಬರುವ ಕೋನ ಯಾವಾಗಲೂ −45 ಮತ್ತು +45 ರ ನಡುವೆಯೇ ಇರುತ್ತದೆ. ಅಂದರೆ ಅದು ಎ ಗೇಜ್‌ಗೆ ಹತ್ತಿರವಿರುವ ಪ್ರಧಾನ ದಿಕ್ಕನ್ನು ತೋರಿಸುತ್ತದೆಯೇ ಹೊರತು, ಆ ದಿಕ್ಕು ಗರಿಷ್ಠದ್ದೋ ಕನಿಷ್ಠದ್ದೋ ಎಂಬುದನ್ನು ಹೇಳುವುದಿಲ್ಲ. ನಿಮ್ಮಲ್ಲಿ ಎ ಗಿಂತ ಸಿ ದೊಡ್ಡದಾಗಿರುವುದರಿಂದ ಎ ಯ ಪಕ್ಕದಲ್ಲಿರುವುದು ಕನಿಷ್ಠ ದಿಕ್ಕು. 120 ಇರುವುದು −12 ಡಿಗ್ರಿಯಲ್ಲಿ, 510 ಇರುವುದು ಅದಕ್ಕೆ ಲಂಬವಾಗಿ, ಎ ಯಿಂದ ಬಿ ಯ ಕಡೆಗೆ 78 ಡಿಗ್ರಿ ತಿರುಗಿದಾಗ. ಎ ಗೇಜ್ ಅಕ್ಷದಿಂದ 12 ಡಿಗ್ರಿ ಓರೆಯಾಗಿದೆ ಎಂದಿಟ್ಟುಕೊಂಡರೆ ಎಲ್ಲವೂ ಕೂಡಿಬರುತ್ತದೆ. ಒಂದು ಕೋನಮಾಪಕ ಇಟ್ಟು ನೋಡಿ.

ಸೇತುಮಂಡಲ

ಇಷ್ಟೆಲ್ಲ ವಿವರಣೆ ಬೇಕಿಲ್ಲ ಎಂದು ನನ್ನ ಅಭಿಪ್ರಾಯ. ಟ್ಯಾನ್ ವಿಲೋಮದಿಂದ ಬಂದ ಕೋನಕ್ಕೆ 90 ಕೂಡಿಸಿದರೆ ಗರಿಷ್ಠ ದಿಕ್ಕು ಸಿಗುತ್ತದೆ. ನಾವು ಯಾವಾಗಲೂ ಹಾಗೆಯೇ ಮಾಡುತ್ತೇವೆ, ಉತ್ತರ ಸರಿಯಾಗಿಯೇ ಬಂದಿದೆ.

ಮಾಪನಪ್ರಿಯ

ಸೇತುಮಂಡಲ ಅವರೇ, ನಿಮ್ಮ ಕೆಲಸಗಳಲ್ಲಿ ಎ ಗೇಜ್ ಯಾವಾಗಲೂ ಕಡಿಮೆ ಓದುವ ದಿಕ್ಕಿನಲ್ಲೇ ಇದ್ದಿದ್ದರೆ ಅದು ಸರಿಯಾಗಿಯೇ ಬಂದಿರುತ್ತದೆ. ಇದೇ ಸಿಲಿಂಡರಿನಲ್ಲಿ ರೋಸೆಟ್ಟನ್ನು 90 ಡಿಗ್ರಿ ತಿರುಗಿಸಿ ಅಂಟಿಸಿದ್ದರೆ ಎ 493, ಬಿ 236, ಸಿ 137 ಓದುತ್ತಿದ್ದವು. ಆಗಲೂ ಟ್ಯಾನ್ ವಿಲೋಮದ ಉತ್ತರ −12 ಡಿಗ್ರಿಯೇ, ಆದರೆ ಅದು ಗರಿಷ್ಠ ದಿಕ್ಕು. ಅಲ್ಲಿ 90 ಕೂಡಿಸಿದರೆ ತಪ್ಪು ದಿಕ್ಕು ಕೈಗೆ ಬರುತ್ತದೆ. ಎ ಗಿಂತ ಸಿ ಹೆಚ್ಚಿದ್ದರೆ ಮಾತ್ರ 90 ಕೂಡಿಸಬೇಕು. ಎರಡೂ ಸಮವಾಗಿದ್ದರೆ ಭಾಗಾಕಾರವೇ ನಡೆಯುವುದಿಲ್ಲ. ಆಗ ಬಿ ಯ ಓದು ಸರಾಸರಿಗಿಂತ ಹೆಚ್ಚಿದ್ದರೆ ಗರಿಷ್ಠ ದಿಕ್ಕು ಬಿ ಯ ಮೇಲೆಯೇ ಇರುತ್ತದೆ, ಕಡಿಮೆಯಿದ್ದರೆ ಬಿ ಗೆ ಲಂಬವಾಗಿರುತ್ತದೆ.

ಇದನ್ನೆಲ್ಲ ನೆನಪಿಟ್ಟುಕೊಳ್ಳುವ ಬದಲು ಎರಡು ಸಂಖ್ಯೆಗಳನ್ನು ಪ್ರತ್ಯೇಕವಾಗಿ ತೆಗೆದುಕೊಳ್ಳುವ `atan2` ಬಳಸುವುದು ಒಳ್ಳೆಯದು. ಮೊದಲು 158, ಆಮೇಲೆ −356 ಕೊಡಿ, ಬಂದದ್ದನ್ನು ಅರ್ಧ ಮಾಡಿ.

ಪರೀಕ್ಷಾರ್ಥಿ

ಕೋನಮಾಪಕದಲ್ಲಿ ಓರೆ 11 ರಿಂದ 13 ಡಿಗ್ರಿಯ ನಡುವೆ ಕಾಣುತ್ತಿದೆ, ಆದ್ದರಿಂದ ಮಾಪನಪ್ರಿಯ ಅವರ ಮಾತು ಸರಿ. ಆದರೆ ಎಕ್ಸೆಲ್‌ನಲ್ಲಿ `ATAN2` ಗೆ 158 ಮತ್ತು −356 ನ್ನು ಅದೇ ಕ್ರಮದಲ್ಲಿ ಕೊಟ್ಟರೆ −33 ಡಿಗ್ರಿ ಬರುತ್ತಿದೆ, 78 ಬರುತ್ತಿಲ್ಲ.

ವಿನ್ಯಾಸಕಿ

ಎಕ್ಸೆಲ್‌ನಲ್ಲಿ ಕ್ರಮ ತಿರುವುಮುರುವು. ಪೈಥಾನ್, ಸಿ ಮುಂತಾದ ಭಾಷೆಗಳಲ್ಲಿ ಲಂಬ ಭಾಗ ಮೊದಲು, ಅಡ್ಡ ಭಾಗ ಆಮೇಲೆ. ಎಕ್ಸೆಲ್ ಅಡ್ಡ ಭಾಗವನ್ನು ಮೊದಲು ಕೇಳುತ್ತದೆ. ಮೂರು ಓದುಗಳು A2, B2, C2 ಕೋಶಗಳಲ್ಲಿದ್ದರೆ ಹೀಗೆ ಬರೆಯಿರಿ:

```
=DEGREES(ATAN2(A2-C2, 2*B2-A2-C2))/2
```

78.03 ಬರುತ್ತದೆ. ಸೂತ್ರ ಯಾವುದೇ ಇರಲಿ, ಉತ್ತರವನ್ನು ಒಮ್ಮೆ ಕಣ್ಣಿನಿಂದ ಪರೀಕ್ಷಿಸಬೇಕು ಎಂಬುದು ನನ್ನ ಕಟ್ಟುನಿಟ್ಟಾದ ಅಭ್ಯಾಸ. ಎ ಮತ್ತು ಸಿ ಗಳಲ್ಲಿ ಯಾವುದು ಹೆಚ್ಚು ಓದುತ್ತದೆಯೋ ಅದರಿಂದ 45 ಡಿಗ್ರಿಯ ಒಳಗೇ ಗರಿಷ್ಠ ದಿಕ್ಕು ಇರಬೇಕು, ಮತ್ತು ಬಿ ಸರಾಸರಿಗಿಂತ ಹೆಚ್ಚಿದ್ದರೆ ಅದು ಬಿ ಇರುವ ಕಡೆಗೇ ವಾಲಿರಬೇಕು. 78 ಡಿಗ್ರಿ ಸಿ ಯಿಂದ 12 ಡಿಗ್ರಿ ಈಚೆಗೆ, ಬಿ ಯ ಕಡೆಗೆ ಇದೆ, ಎರಡೂ ಹೊಂದುತ್ತವೆ. −33 ಡಿಗ್ರಿ ಈ ಪರೀಕ್ಷೆಯಲ್ಲಿ ಮೊದಲ ನೋಟಕ್ಕೇ ಬಿದ್ದುಹೋಗುತ್ತದೆ.

ಪರೀಕ್ಷಾರ್ಥಿ

78.03 ಬಂತು, ಧನ್ಯವಾದಗಳು ಮೇಡಂ. ಇನ್ನು ಸ್ಟ್ರೆಸ್ ವಿಷಯ. 24 ಬಂದದ್ದು 60 ರ ಅರ್ಧಕ್ಕಿಂತಲೂ ಕಡಿಮೆ. ಅಷ್ಟು ದೊಡ್ಡ ವ್ಯತ್ಯಾಸಕ್ಕೆ ಅಂಟಿನ ದೋಷ ಕಾರಣವಾಗಿರಲಾರದು ಎನಿಸುತ್ತದೆ.

ಮಾಪನಪ್ರಿಯ

ಸ್ಟ್ರೇನನ್ನು ನೇರವಾಗಿ ಯಂಗ್ ಮಾಡ್ಯುಲಸ್‌ನಿಂದ ಗುಣಿಸುವುದು ಒಂದೇ ದಿಕ್ಕಿನಲ್ಲಿ ಎಳೆದ ಕಂಬಿಗೆ ಮಾತ್ರ ಸರಿ. ನಿಮ್ಮ ಗೋಡೆಯನ್ನು ಎರಡು ದಿಕ್ಕಿಗೆ ಎಳೆಯಲಾಗುತ್ತಿದೆ. ಉದ್ದಕ್ಕೆ 60 ಮೆಗಾಪಾಸ್ಕಲ್ ಎಳೆತ ಇದ್ದರೂ, ಸುತ್ತಳತೆಯ ದಿಕ್ಕಿನ 120 ಮೆಗಾಪಾಸ್ಕಲ್ ಅದೇ ಲೋಹವನ್ನು ಉದ್ದದ ದಿಕ್ಕಿನಲ್ಲಿ ಕುಗ್ಗಿಸಲು ನೋಡುತ್ತದೆ. ಪಾಯ್ಸನ್ ಅನುಪಾತ 0.3 ಆದರೆ ಆ ಕುಗ್ಗುವಿಕೆ 36 ಮೆಗಾಪಾಸ್ಕಲ್‌ಗೆ ಸಮ. 60 ರಲ್ಲಿ 36 ಹೋದರೆ ಉಳಿಯುವುದು 24, ಮತ್ತು ಗೇಜ್ ನೋಡುವುದು ಆ ಉಳಿಕೆಯ ಹಿಗ್ಗುವಿಕೆಯನ್ನು ಮಾತ್ರ. ನಿಮಗೆ ಬಂದ 24 ಅದೇ.

ಹಿಂದಕ್ಕೆ ಹೋಗುವ ದಾರಿ ಹೀಗಿದೆ. ಗರಿಷ್ಠ ಸ್ಟ್ರೇನ್ 510 ಕ್ಕೆ ಕನಿಷ್ಠದ 0.3 ಪಾಲು, ಅಂದರೆ 36 ಕೂಡಿಸಿದರೆ 546. ಯಂಗ್ ಮಾಡ್ಯುಲಸ್ಸನ್ನು 1 − 0.09, ಅಂದರೆ 0.91 ರಿಂದ ಭಾಗಿಸಿದರೆ ಸುಮಾರು 219.8 ಗಿಗಾಪಾಸ್ಕಲ್. ಎರಡನ್ನೂ ಗುಣಿಸಿದರೆ 120 ಮೆಗಾಪಾಸ್ಕಲ್. ಹಾಗೆಯೇ 120 ಕ್ಕೆ 510 ರ 0.3 ಪಾಲಾದ 153 ಕೂಡಿಸಿದರೆ 273, ಅದರಿಂದ 60 ಮೆಗಾಪಾಸ್ಕಲ್. ನಿಮ್ಮ ಎರಡೂ ಸಂಖ್ಯೆಗಳು ಸಿಕ್ಕವು.

ವಿನ್ಯಾಸಕಿ

ನಾನು ಇದನ್ನೇ ಇನ್ನೊಂದು ಬಗೆಯಲ್ಲಿ ಮಾಡುತ್ತೇನೆ, ಏಕೆಂದರೆ ತಪ್ಪು ಎಲ್ಲಿಂದ ಬರುತ್ತದೆ ಎಂಬುದು ಅದರಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ವೃತ್ತದ ಕೇಂದ್ರ 315 ನ್ನು `E/(1-v)` ಯಿಂದ ಗುಣಿಸಿದರೆ ಸ್ಟ್ರೆಸ್ ವೃತ್ತದ ಕೇಂದ್ರ 90 ಮೆಗಾಪಾಸ್ಕಲ್. ತ್ರಿಜ್ಯ 195 ನ್ನು `E/(1+v)` ಯಿಂದ ಗುಣಿಸಿದರೆ ಅದರ ತ್ರಿಜ್ಯ 30. ಕೂಡಿದರೆ 120, ಕಳೆದರೆ 60. ಇಲ್ಲಿ `v` ಎಂದರೆ ಪಾಯ್ಸನ್ ಅನುಪಾತ.

ಈಗ ಅದನ್ನು 0.3 ರ ಬದಲು 0.28 ಎಂದು ಹಿಡಿದು ನೋಡಿ. ಕೇಂದ್ರ 87.5 ಕ್ಕೆ ಇಳಿಯುತ್ತದೆ, ತ್ರಿಜ್ಯ 30.5 ಕ್ಕೆ ಏರುತ್ತದೆ. ಹಾಗಾಗಿ ಗರಿಷ್ಠ ಸ್ಟ್ರೆಸ್ ಸುಮಾರು 118, ಕನಿಷ್ಠ ಸುಮಾರು 57. ಗರಿಷ್ಠದಲ್ಲಿ ವ್ಯತ್ಯಾಸ ಶೇಕಡಾ 2 ಕ್ಕಿಂತ ಕಡಿಮೆ, ಕನಿಷ್ಠದಲ್ಲಿ ಶೇಕಡಾ 5. ಗೇಜ್ ಎಷ್ಟೇ ನಿಖರವಾಗಿದ್ದರೂ ಈ ಅನಿಶ್ಚಿತತೆಯನ್ನು ಅದು ಕಡಿಮೆ ಮಾಡಲಾರದು.

ಕೊರೆತಗಾರ

ರೋಸೆಟ್‌ನ ನಡುವೆ ತೂತು ಕೊರೆಯುವಾಗ ಪ್ರತಿ ಹಂತದಲ್ಲೂ ಆಳವನ್ನು ದಾಖಲಿಸಿದ್ದೀರಾ? ಆಳಕ್ಕೆ ತಕ್ಕ ಗುಣಾಂಕಗಳಿಲ್ಲದೆ ಸ್ಟ್ರೆಸ್ ಸಿಗುವುದಿಲ್ಲ.

ಪರೀಕ್ಷಾರ್ಥಿ

ಇಲ್ಲ ಸರ್, ಇದು ಲೋಹದೊಳಗೆ ಮೊದಲೇ ಉಳಿದಿರುವ ಸ್ಟ್ರೆಸ್ ಅಳೆಯುವ ಪರೀಕ್ಷೆಯಲ್ಲ. ತೂತು ಕೊರೆದಿಲ್ಲ, ಒತ್ತಡ ಕೊಟ್ಟಾಗ ಆಗುವ ಬದಲಾವಣೆಯನ್ನಷ್ಟೇ ಅಳೆಯುತ್ತಿದ್ದೇವೆ.

ಸೇತುಮಂಡಲ

ಹಾಗಾದರೆ ಲೆಕ್ಕ ಮುಗಿಯಿತು. ಗರಿಷ್ಠ ಶಿಯರ್ ಸ್ಟ್ರೆಸ್ 120 ರಲ್ಲಿ 60 ಕಳೆದು ಅರ್ಧ ಮಾಡಿದರೆ 30 ಮೆಗಾಪಾಸ್ಕಲ್, ಉಕ್ಕಿಗೆ ಅದು ಏನೇನೂ ಅಲ್ಲ.

ಮಾಪನಪ್ರಿಯ

30 ಎಂಬುದು ಗೋಡೆಯ ಮೇಲ್ಮೈಯ ಸಮತಲದೊಳಗಿನ ಗರಿಷ್ಠ ಮಾತ್ರ. ಹೊರಮೈಗೆ ಲಂಬವಾದ ದಿಕ್ಕಿನಲ್ಲಿ ಮೂರನೆಯ ಪ್ರಧಾನ ಸ್ಟ್ರೆಸ್ ಇದೆ, ಅದು ಸೊನ್ನೆ. ಪರೀಕ್ಷಾರ್ಥಿ ಅವರ ಎರಡೂ ಸ್ಟ್ರೆಸ್‌ಗಳು ಎಳೆತದವೇ ಆಗಿರುವುದರಿಂದ ಅತಿ ದೊಡ್ಡದು 120, ಅತಿ ಚಿಕ್ಕದು ಆ ಸೊನ್ನೆ. ನಿಜವಾದ ಗರಿಷ್ಠ ಶಿಯರ್ 60 ಮೆಗಾಪಾಸ್ಕಲ್, ಅಂದರೆ ನೀವು ಹೇಳಿದ್ದರ ಎರಡರಷ್ಟು, ಮತ್ತು ಅದು ಗೋಡೆಯ ದಪ್ಪಕ್ಕೆ 45 ಡಿಗ್ರಿ ಓರೆಯಾದ ಸಮತಲದಲ್ಲಿ ಇರುತ್ತದೆ. ಒಂದು ಎಳೆತ, ಇನ್ನೊಂದು ಒತ್ತು ಆಗಿದ್ದರೆ ಮಾತ್ರ ನಿಮ್ಮ ಸೂತ್ರ ಪೂರ್ತಿ ಉತ್ತರ ಕೊಡುತ್ತದೆ.

ಮೂರನೆಯ ಸ್ಟ್ರೆಸ್ ಸೊನ್ನೆ ಎಂದರೆ ಮೂರನೆಯ ಸ್ಟ್ರೇನ್ ಸೊನ್ನೆ ಎಂದಲ್ಲ ಎಂಬುದನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ, ಏಕೆಂದರೆ ಈ ಗೊಂದಲ ಪದೇ ಪದೇ ಕಾಣುತ್ತದೆ. ಗೋಡೆ ದಪ್ಪದ ದಿಕ್ಕಿನಲ್ಲಿ ಸುಮಾರು 270 ಮೈಕ್ರೋಸ್ಟ್ರೇನ್‌ನಷ್ಟು ತೆಳುವಾಗುತ್ತಿದೆ. ರೋಸೆಟ್ ಅದನ್ನು ನೋಡುವುದಿಲ್ಲ, ನಮ್ಮ ಲೆಕ್ಕಕ್ಕೆ ಅದು ಬೇಕಾಗುವುದೂ ಇಲ್ಲ.

ಸೇತುಮಂಡಲ

ಸೊನ್ನೆಯನ್ನೂ ಸಾಲಿಗೆ ಸೇರಿಸಬೇಕೆಂಬ ಮಾತು ಒಪ್ಪಿದೆ. ಆದರೆ ವಾನ್ ಮೀಸಸ್ ಲೆಕ್ಕ ಹಾಕಿದರೆ 104 ಬರುತ್ತದೆ, ಪರೀಕ್ಷಾರ್ಥಿ ಅವರು ನೇರ ಗುಣಾಕಾರದಿಂದ ಪಡೆದ 102 ಕ್ಕೆ ಅದು ಬಹಳ ಹತ್ತಿರ. ಅವಸರದ ಅಂದಾಜಿಗೆ ನೇರ ಗುಣಾಕಾರ ಸಾಕು ಎಂದಾಗಲಿಲ್ಲವೇ?

ವಿನ್ಯಾಸಕಿ

ಆಗಲಿಲ್ಲ. 2 ಕ್ಕೆ 1 ಅನುಪಾತದ ಎಳೆತದಲ್ಲಿ, 0.3 ಪಾಯ್ಸನ್ ಅನುಪಾತಕ್ಕೆ ಮಾತ್ರ ಅವೆರಡೂ ಆಕಸ್ಮಿಕವಾಗಿ ಹತ್ತಿರ ಬಂದಿವೆ. ಶುದ್ಧ ತಿರುಚುವಿಕೆಗೆ ಒಳಗಾದ ದಂಡ ತೆಗೆದುಕೊಳ್ಳಿ: ಒಂದು ದಿಕ್ಕಿಗೆ 100 ಮೆಗಾಪಾಸ್ಕಲ್ ಎಳೆತ, ಲಂಬ ದಿಕ್ಕಿಗೆ 100 ಒತ್ತು. ಅಲ್ಲಿ ನೇರ ಗುಣಾಕಾರ 130 ಎನ್ನುತ್ತದೆ, ವಾನ್ ಮೀಸಸ್ 173 ಎನ್ನುತ್ತದೆ. ಒಂದು ಉದಾಹರಣೆಯಲ್ಲಿ ಹೊಂದಿತು ಎಂಬ ಕಾರಣಕ್ಕೆ ಅದನ್ನು ನಿಯಮ ಮಾಡಿಕೊಳ್ಳಬೇಡಿ.

ನಾರುಹಲಗೆ

ನನ್ನದು ಗಾಜಿನ ನಾರಿನ ಪದರಗಳಿಂದ ಮಾಡಿದ ಹಲಗೆ, ನಾರುಗಳೆಲ್ಲ ಒಂದೇ ದಿಕ್ಕಿಗಿವೆ. ನಾನೂ ರೋಸೆಟ್‌ನಿಂದ ಪ್ರಧಾನ ಸ್ಟ್ರೇನ್ ತೆಗೆದು, ಮೇಲೆ ಹೇಳಿದ 0.91 ರ ಸೂತ್ರಕ್ಕೆ ನಾರಿನ ದಿಕ್ಕಿನ ಮಾಡ್ಯುಲಸ್ ಹಾಕುತ್ತಿದ್ದೇನೆ. ಅದು ನಡೆಯುತ್ತದೆಯೇ?

ಮಾಪನಪ್ರಿಯ

ಪ್ರಧಾನ ಸ್ಟ್ರೇನ್‌ವರೆಗಿನ ಲೆಕ್ಕ ಬರೀ ರೇಖಾಗಣಿತ, ಅದು ಯಾವ ವಸ್ತುವಿಗೂ ನಡೆಯುತ್ತದೆ. ಸ್ಟ್ರೆಸ್‌ಗೆ ದಾಟುವ ಹೆಜ್ಜೆಯಲ್ಲಿ ಮಾತ್ರ ವಸ್ತುವಿನ ಸ್ವಭಾವ ಒಳಬರುತ್ತದೆ, ಮತ್ತು ಆ ಸೂತ್ರ ಎಲ್ಲ ದಿಕ್ಕಿನಲ್ಲೂ ಒಂದೇ ಗುಣವಿರುವ ವಸ್ತುವಿಗೆ ಮಾತ್ರ. ನಿಮ್ಮ ಹಲಗೆಯಲ್ಲಿ ಪ್ರಧಾನ ಸ್ಟ್ರೇನ್‌ಗಳ ದಿಕ್ಕೂ ಪ್ರಧಾನ ಸ್ಟ್ರೆಸ್‌ಗಳ ದಿಕ್ಕೂ ಸಾಮಾನ್ಯವಾಗಿ ಒಂದೇ ಆಗಿರುವುದಿಲ್ಲ. ಮೂರು ಓದುಗಳನ್ನು ನಾರಿನ ದಿಕ್ಕು, ಅದಕ್ಕೆ ಲಂಬ ದಿಕ್ಕು ಮತ್ತು ಅವುಗಳ ನಡುವಿನ ಶಿಯರ್ ಸ್ಟ್ರೇನ್ ಆಗಿ ಪರಿವರ್ತಿಸಿ, ಆ ಪದರದ ನಾಲ್ಕು ಸ್ಥಿರಾಂಕಗಳನ್ನು ಬಳಸಿ ಅಲ್ಲಿಯೇ ಸ್ಟ್ರೆಸ್ ತೆಗೆಯಿರಿ. ಪ್ರಧಾನ ದಿಕ್ಕುಗಳು ಬೇಕೆನಿಸಿದರೆ ಆಮೇಲೆ ಆ ಸ್ಟ್ರೆಸ್‌ಗಳಿಂದ ತೆಗೆಯಬೇಕು. ಶಿಯರ್ ಬರೆಯುವಾಗ ಎಚ್ಚರ ಬೇಕು: 45 ಡಿಗ್ರಿ ರೋಸೆಟ್‌ನಲ್ಲಿ ಬಿ ಮತ್ತು ಸರಾಸರಿಯ ವ್ಯತ್ಯಾಸ ಶಿಯರ್ ಸ್ಟ್ರೇನ್‌ನ ಅರ್ಧ ಮಾತ್ರ.

ತಂತಿಜೋಡಕ

ಎಲ್ಲರೂ ಸೂತ್ರದ ಬಗ್ಗೆಯೇ ಮಾತನಾಡುತ್ತಿದ್ದಾರೆ, ತಂತಿಗಳ ಬಗ್ಗೆ ಯಾರೂ ಕೇಳಲಿಲ್ಲ. ಪರೀಕ್ಷಾರ್ಥಿ ಅವರ ಬಿ ಮತ್ತು ಸಿ ತಂತಿಗಳು ಅದಲುಬದಲಾಗಿದ್ದರೆ ಓದು ಎ 137, ಬಿ 493, ಸಿ 394 ಎಂದು ಬರುತ್ತಿತ್ತು. ನಾನು ಲೆಕ್ಕ ಹಾಕಿದೆ: ಪ್ರಧಾನ ಸ್ಟ್ರೇನ್‌ಗಳು 527 ಮತ್ತು 4, ಸ್ಟ್ರೆಸ್‌ಗಳು 116 ಮತ್ತು 36 ಮೆಗಾಪಾಸ್ಕಲ್. ಗರಿಷ್ಠ ಸ್ಟ್ರೆಸ್ ಶೇಕಡಾ 3 ರಷ್ಟು ಮಾತ್ರ ಬದಲಾಗಿದೆ, ಆದ್ದರಿಂದ ಅದನ್ನಷ್ಟೇ ನೋಡುವವರಿಗೆ ಯಾವ ಅನುಮಾನವೂ ಬರುವುದಿಲ್ಲ. ಕನಿಷ್ಠ ಮಾತ್ರ ಪೂರ್ತಿ ಹಾಳಾಗಿದೆ.

ಎ ಮತ್ತು ಸಿ ಅದಲುಬದಲಾದರೆ ಇಷ್ಟು ತೊಂದರೆಯಿಲ್ಲ. ಪ್ರಧಾನ ಬೆಲೆಗಳು ಹಾಗೆಯೇ ಉಳಿಯುತ್ತವೆ, ದಿಕ್ಕು ಮಾತ್ರ ತಪ್ಪುತ್ತದೆ. ನಡುವಿನ ಗೇಜ್ ತಪ್ಪಿದರೆ ಬೆಲೆಗಳೇ ತಪ್ಪುತ್ತವೆ. ಮೂರು ಅಪರಿಚಿತ ಬೆಲೆಗಳಿಗೆ ಮೂರೇ ಓದುಗಳಿರುವುದರಿಂದ, ತಪ್ಪನ್ನು ತೋರಿಸಿಕೊಡುವ ನಾಲ್ಕನೆಯ ಓದು ನಮ್ಮ ಬಳಿ ಇರುವುದಿಲ್ಲ. ಹಾಗಾಗಿ ಒತ್ತಡ ಕೊಡುವ ಮೊದಲೇ ಪ್ರತಿ ಗೇಜ್‌ನ ಬೆಸುಗೆ ಬಿಂದುಗಳ ಮೇಲೆ ಒಂದು ದೊಡ್ಡ ರೆಸಿಸ್ಟರ್ ಸಮಾಂತರವಾಗಿ ಮುಟ್ಟಿಸಿ, ಪರದೆಯಲ್ಲಿ ಯಾವ ಚಾನೆಲ್ ಕದಲುತ್ತದೆ ಎಂದು ನೋಡಬೇಕು. ಎ ಯನ್ನು ಮುಟ್ಟಿಸಿದಾಗ ಎ ಎಂಬ ಹೆಸರಿನ ಚಾನೆಲ್ಲೇ ಕದಲಬೇಕು. ಉಪಕರಣದ ಹಿಂಭಾಗದಲ್ಲಿ ಮುಟ್ಟಿಸಿದರೆ ಪ್ರಯೋಜನವಿಲ್ಲ, ತಂತಿ ಅದಲುಬದಲಾಗುವುದು ಗೇಜ್ ಮತ್ತು ಉಪಕರಣದ ನಡುವೆಯೇ.

ಪರೀಕ್ಷಾರ್ಥಿ

ಈ ಪರೀಕ್ಷೆಯನ್ನು ಇಂದು ಒತ್ತಡ ಇಳಿಸಿದ ಮೇಲೆ ಮಾಡಿದೆವು, ಮೂರೂ ಸರಿಯಾದ ಚಾನೆಲ್‌ಗಳಲ್ಲಿವೆ. ರೋಸೆಟ್ ಪೊಟ್ಟಣದ ಮೇಲೆ ಅಡ್ಡ ಸಂವೇದನೆ ಶೇಕಡಾ 0.2 ಎಂದು ಬರೆದಿದೆ. ಅದನ್ನೂ ಸರಿಪಡಿಸಬೇಕೇ?

ಮಾಪನಪ್ರಿಯ

ನಿಮ್ಮ ಎ ಗೇಜ್‌ನಲ್ಲಿ ಅದು 493 ರ ಶೇಕಡಾ 0.2 ಪಾಲು, ಅಂದರೆ ಸುಮಾರು 1 ಮೈಕ್ರೋಸ್ಟ್ರೇನ್. ಈ ಸಲ ಬಿಡಬಹುದು. ಪೊಟ್ಟಣದ ಮೇಲೆ ಶೇಕಡಾ 1 ಎಂದಿದ್ದರೆ 137 ಎಂಬುದು ಸುಮಾರು 132 ಕ್ಕೆ ಇಳಿಯುತ್ತಿತ್ತು, ಆಗ ಬಿಡುವಂತಿಲ್ಲ. ದೊಡ್ಡ ಸ್ಟ್ರೇನ್‌ಗೆ ಅಡ್ಡಲಾಗಿ ಚಿಕ್ಕ ಸ್ಟ್ರೇನ್ ಓದುವ ಗೇಜೇ ಇದರಿಂದ ಹೆಚ್ಚು ನರಳುತ್ತದೆ.

ಸಂದೇಹಿ

ನನಗೆ ಈ ಹೊಂದಾಣಿಕೆಯೇ ಅನುಮಾನ ತರುತ್ತಿದೆ. 120 ಮತ್ತು 60 ಎಂಬುದು ಒಳ ತ್ರಿಜ್ಯ ಹಾಕಿದ ತೆಳುಗೋಡೆ ಸೂತ್ರದ ಉತ್ತರ. ಗೇಜ್ ಇರುವುದು ಹೊರಮೈ ಮೇಲೆ. ಲಾಮೆ ಸೂತ್ರವನ್ನು 150 ಮತ್ತು 155 ರ ತ್ರಿಜ್ಯಗಳಿಗೆ ಹಾಕಿದರೆ ಹೊರಮೈಯಲ್ಲಿ ಸುತ್ತಳತೆಯ ಸ್ಟ್ರೆಸ್ 118, ಉದ್ದದ ಸ್ಟ್ರೆಸ್ 59 ಬರಬೇಕು. ಅಳತೆ ತಪ್ಪಾದ ಸಂಖ್ಯೆಗೆ ಸರಿಯಾಗಿ ಹೊಂದಿದೆ ಎಂದ ಮೇಲೆ ಎಲ್ಲೋ ಎರಡು ದೋಷಗಳು ಒಂದನ್ನೊಂದು ಮುಚ್ಚಿಕೊಂಡಿವೆ.

ವಿನ್ಯಾಸಕಿ

ವ್ಯತ್ಯಾಸ ಶೇಕಡಾ 2 ಕ್ಕಿಂತ ಕಡಿಮೆ ಇರುವಾಗ ದೋಷ ಎನ್ನುವುದು ದೊಡ್ಡ ಮಾತಾಯಿತು. ಯಂಗ್ ಮಾಡ್ಯುಲಸ್ 200 ಎಂದು ಹಿಡಿದಿದ್ದೇ ಒಂದು ಊಹೆ. ಅದು 205 ಆಗಿದ್ದರೆ ಇದೇ ಓದುಗಳಿಂದ 123 ಮತ್ತು 61.5 ಬರುತ್ತವೆ.

ಸಂದೇಹಿ

ಅದನ್ನೇ ನಾನು ಹೇಳುತ್ತಿರುವುದು ಮೇಡಂ. ಮಾಡ್ಯುಲಸ್ ಆ ಕಡೆಗೆ ಜರುಗಿದರೆ ಅಂತರ ಶೇಕಡಾ 4 ಕ್ಕೆ ಏರುತ್ತದೆ, ಕಡಿಮೆಯಾಗುವುದಿಲ್ಲ. ಅನುಪಾತದಿಂದಲೂ ಸಹಾಯ ಸಿಗುವುದಿಲ್ಲ, ಏಕೆಂದರೆ ಹೊರಮೈಯಲ್ಲಿ ಲಾಮೆ ಸೂತ್ರವೂ 2 ಕ್ಕೆ 1 ಎಂದೇ ಹೇಳುತ್ತದೆ. ಆ ಅನುಪಾತ ಕೂಡಿಬಂದಿದೆ ಎಂದರೆ ರೋಸೆಟ್, ತಂತಿ, ಪಾಯ್ಸನ್ ಅನುಪಾತ ಎಲ್ಲ ಸರಿ ಎಂದು ನಾನೂ ಒಪ್ಪುತ್ತೇನೆ. ಎರಡನ್ನೂ ಒಂದೇ ಪ್ರಮಾಣದಲ್ಲಿ ಏರಿಸುವ ಕಾರಣವನ್ನು ಹುಡುಕಬೇಕು: ಗೇಜ್ ಫ್ಯಾಕ್ಟರ್, ಒತ್ತಡಮಾಪಕ, ಅಥವಾ ಗೋಡೆಯ ದಪ್ಪ. ದಪ್ಪ 4.9 ಮಿಲಿಮೀಟರ್ ಇದ್ದರೆ ಲಾಮೆ ಸೂತ್ರವೇ 120.5 ಕೊಡುತ್ತದೆ. 5 ಎಂಬುದು ನಕ್ಷೆಯ ಸಂಖ್ಯೆಯೋ, ಅಳೆದ ಸಂಖ್ಯೆಯೋ?

ಪರೀಕ್ಷಾರ್ಥಿ

ನಕ್ಷೆಯ ಸಂಖ್ಯೆ. ರೋಸೆಟ್‌ನ ಪಕ್ಕದಲ್ಲೇ ಅಲ್ಟ್ರಾಸಾನಿಕ್ ಮಾಪಕ ಇಟ್ಟು ದಪ್ಪ ಅಳೆದು ಇಲ್ಲಿ ಬರೆಯುತ್ತೇನೆ. ಒತ್ತಡಮಾಪಕದ ಪ್ರಮಾಣಪತ್ರವನ್ನೂ ನೋಡುತ್ತೇನೆ.

ತಂತಿಜೋಡಕ

ಅಳೆಯುವ ಜಾಗದಲ್ಲಿ ಬಣ್ಣವನ್ನು ಪೂರ್ತಿ ಕೆರೆದು ತೆಗೆಯಿರಿ. ಬಣ್ಣದ ಮೇಲೆ ಇಟ್ಟರೆ ಸಾಮಾನ್ಯ ಮಾಪಕ ಆ ಪದರವನ್ನೂ ಉಕ್ಕು ಎಂದೇ ಎಣಿಸಿ ದಪ್ಪ ಹೆಚ್ಚು ತೋರಿಸುತ್ತದೆ, ಮತ್ತು ನೀವು ಹುಡುಕುತ್ತಿರುವ ವ್ಯತ್ಯಾಸವೇ 0.1 ಮಿಲಿಮೀಟರ್.